ತೂಕ ನಿಂತಲ್ಲೇ ನಿಂತಾಗ ನಾನು ಊಟ ಹೆಚ್ಚಿಸಿದೆ

ಜನವರಿಯಲ್ಲಿ 92 ಕೆಜಿ ಇದ್ದವನು ಜುಲೈ ಕೊನೆಗೆ 79ಕ್ಕೆ ಬಂದಿದ್ದೆ. ಆಮೇಲೆ ಆರು ವಾರ ಮುಳ್ಳು ಅಲ್ಲಾಡಲಿಲ್ಲ. ಒಂದು ದಿನ 78.8, ಮರುದಿನ 79.3, ವಾರದ ಸರಾಸರಿ ತೆಗೆದರೆ ಮತ್ತೆ ಅದೇ 79.1. ಇನ್ನೂ ನಾಲ್ಕೈದು ಕೆಜಿ ಇಳಿಸಬೇಕು ಅನ್ನುವುದು ನನ್ನ ಆಸೆ. ಎತ್ತರ ಐದೂವರೆ ಅಡಿಗಿಂತ ಸ್ವಲ್ಪ ಜಾಸ್ತಿ, ವಯಸ್ಸು 41, ತೀರ್ಥಹಳ್ಳಿ ಪೇಟೆಯಲ್ಲಿ ಅಂಗಡಿ, ದಿನವಿಡೀ ಕುಳಿತೇ ಕೆಲಸ. ಆ ಆರು ವಾರದಲ್ಲಿ ಮಾಡಿದ ತಪ್ಪು, ಕಳೆದ ದುಡ್ಡು, ಕೊನೆಗೆ ಕೆಲಸ ಮಾಡಿದ ದಾರಿ, ಎಲ್ಲವನ್ನೂ ಬರೆಯುತ್ತಿದ್ದೇನೆ. ಕ್ಯಾಲೊರಿ ಬರೆದಿಡುವುದು, ತಕ್ಕಡಿ, ಆ್ಯಪ್ ಇವೆಲ್ಲ ನಿಮಗೆ ಗೊತ್ತಿರುತ್ತವೆ, ಅದನ್ನು ಹೇಳುವುದಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಇನ್ನಷ್ಟು ಕಡಿಮೆ ತಿಂದೆ. ಜಿಮ್‌ನ ಕೋಚ್ "ಅಣ್ಣಾ, ನಿಮ್ಮ ದೇಹಕ್ಕೆ ದಿನಕ್ಕೆ 1600 ಕ್ಯಾಲೊರಿ ಅಭ್ಯಾಸ ಆಗಿದೆ, 1300ಕ್ಕೆ ಇಳಿಸಿ" ಅಂದರು. ಜೊತೆಗೆ ಕೊಬ್ಬು ಕರಗಿಸುವ ಕ್ಯಾಪ್ಸೂಲಿನ ಒಂದು ಡಬ್ಬಿ, 2,400 ರೂಪಾಯಿ. ಅದು ತೆಗೆದುಕೊಂಡರೆ ಎದೆ ಹೊಡೆದುಕೊಳ್ಳುತ್ತಿತ್ತು, ಬೇರೇನೂ ಆಗಲಿಲ್ಲ. ಅದಕ್ಕೂ ಮೊದಲು ಆನ್‌ಲೈನಿನಲ್ಲಿ ಒಬ್ಬರಿಗೆ ಐದು ಸಾವಿರ ಕಟ್ಟಿದ್ದೆ. ಅವರು ಕಳಿಸಿದ ಪಟ್ಟಿಯಲ್ಲಿ ಬ್ರೊಕೊಲಿ, ಕಿನೋವಾ ಇತ್ತು. ಸೋನೆ ಮಳೆಯಲ್ಲಿ ತೀರ್ಥಹಳ್ಳಿಯಲ್ಲಿ ಕುಳಿತು ಬ್ರೊಕೊಲಿ ಎಲ್ಲಿಂದ ತರುವುದು? ನಾನು ಕಡುಬು, ಅಕ್ಕಿ ರೊಟ್ಟಿ ತಿನ್ನುವವನು ಅಂತ ಮೊದಲೇ ಹೇಳಿದ್ದೆ.

1300ರಲ್ಲಿ ಮೂರು ವಾರ ಇದ್ದೆ. ರಾತ್ರಿ ಮೂರು ಗಂಟೆಗೆ ಎಚ್ಚರ. ಅಂಗಡಿಯಲ್ಲಿ ಗಿರಾಕಿ ಮೇಲೆ ಸಿಡುಕು. ಸಂಜೆ ಕಾಲುಚೀಲ ತೆಗೆದರೆ ಅದರ ಗುರುತು ಆಳವಾಗಿ ಉಳಿಯುತ್ತಿತ್ತು, ಮೊದಲು ಹಾಗೆ ಇರಲಿಲ್ಲ. ಶನಿವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗಿ ಅವಲಕ್ಕಿ, ಕಾಯಿತುರಿ, ಬೆಲ್ಲ ಕಲಸಿಕೊಂಡು ತಿಂದೆ. ಒಂದು ಬಟ್ಟಲಲ್ಲ, ಮೂರು. ಅದನ್ನು ಆ್ಯಪಿನಲ್ಲಿ ಬರೆಯಲಿಲ್ಲ. ಮುಂದಿನ ಶನಿವಾರವೂ ಹಾಗೇ ಆಯಿತು. ತೂಕ ಮಾತ್ರ 79.

ಥೈರಾಯ್ಡ್ ಇರಬಹುದು ಅಂತ ರಕ್ತ ಪರೀಕ್ಷೆ ಮಾಡಿಸಿದೆ, ಸರಿಯಾಗಿತ್ತು. ಇದೊಂದು ಖರ್ಚು ದಂಡ ಅನ್ನಿಸಲಿಲ್ಲ, ಅನುಮಾನ ಹೋಯಿತಲ್ಲ.

ತಿರುವು ಸಿಕ್ಕಿದ್ದು ಎಣ್ಣೆ ಬಾಟಲಿಯಿಂದ. ಒಂದು ಸೋಮವಾರ ಬೆಳಿಗ್ಗೆ ಅಡುಗೆಮನೆಯ 450 ರೂಪಾಯಿ ತಕ್ಕಡಿ ಮೇಲೆ ಎಣ್ಣೆ ಬಾಟಲಿಯನ್ನೇ ಇಟ್ಟು ತೂಕ ಬರೆದುಕೊಂಡೆ. ಭಾನುವಾರ ರಾತ್ರಿ ಮತ್ತೆ ಇಟ್ಟೆ. ವ್ಯತ್ಯಾಸ 640 ಗ್ರಾಂ. ಮನೆಯಲ್ಲಿ ನಾವು ನಾಲ್ಕು ಜನ. ತಲೆಗೆ ದಿನಕ್ಕೆ 23 ಗ್ರಾಂ, ಅಂದರೆ ಸುಮಾರು 200 ಕ್ಯಾಲೊರಿ. ನಾನು ಆ್ಯಪಿನಲ್ಲಿ ಬರೆಯುತ್ತಿದ್ದದ್ದು "ಎಣ್ಣೆ, ಒಂದು ಟೀ ಚಮಚ". ಅದು 45 ಕ್ಯಾಲೊರಿ, ಅಂದರೆ ದಿನಕ್ಕೆ 155 ಬಿಟ್ಟುಹೋಗುತ್ತಿತ್ತು. ಕಾವಲಿ ಮೇಲೆ ರೊಟ್ಟಿಗೆ ಸುರಿಯುವ ಎಣ್ಣೆ, ಒಗ್ಗರಣೆ, ಪಲ್ಯ, ಯಾವುದೂ ಲೆಕ್ಕದಲ್ಲಿ ಇರಲಿಲ್ಲ. ಒಬ್ಬೊಬ್ಬರ ತಟ್ಟೆಯಲ್ಲಿ ಎಣ್ಣೆ ಅಳೆಯಲು ಹೋಗಬೇಡಿ, ಆಗುವುದಿಲ್ಲ. ಬಾಟಲಿ ಸುಳ್ಳು ಹೇಳುವುದಿಲ್ಲ.

ತೆಂಗಿನಕಾಯಿಯನ್ನೂ ಹಾಗೇ ನೋಡಿದೆ. ನಮ್ಮಲ್ಲಿ ದಿನಕ್ಕೆ ಒಂದು ಕಾಯಿ ಖರ್ಚು. ತುರಿದು ತೂಗಿದರೆ 270, 280 ಗ್ರಾಂ. ಹಸಿ ಕಾಯಿ ನೂರು ಗ್ರಾಮಿಗೆ 350 ಕ್ಯಾಲೊರಿ ಹತ್ತಿರ. ನನ್ನ ಪಾಲಿಗೇ 240 ಆಯಿತು. ಆ್ಯಪಿನಲ್ಲಿ "ಸಾಂಬಾರ್, ಒಂದು ಕಪ್" ಅಂತ ಒತ್ತಿದರೆ ಅದು ಯಾವುದೋ ಊರಿನ ಕಾಯಿ ಹಾಕದ ಸಾಂಬಾರಿನ ಲೆಕ್ಕ ಕೊಡುತ್ತದೆ. ಅಲ್ಲಿ ಇನ್ನೊಂದು 150 ತಪ್ಪಿತ್ತು. ಭಾನುವಾರದ ಕಡುಬು, ಕೋಳಿ ಸಾರು ನಾನು ಅಂದಾಜಿಗೆ 700 ಅಂತ ಬರೆಯುತ್ತಿದ್ದೆ. ಅಕ್ಕಿ ತರಿ, ಕೋಳಿ, ಮಸಾಲೆ ಎಲ್ಲ ತೂಗಿ ಪಾಲು ಹಾಕಿದರೆ 1600 ಮುಟ್ಟಿತು. ವಾರಕ್ಕೆ ಹಂಚಿದರೆ ದಿನಕ್ಕೆ 130.

ಮೂರನ್ನೂ ಕೂಡಿಸಿ. ದಿನಕ್ಕೆ 430, 440 ಕ್ಯಾಲೊರಿ ಬರೆಯದೇ ಉಳಿದಿತ್ತು. 1600 ಅಂತ ನಂಬಿಕೊಂಡವನು ತಿನ್ನುತ್ತಿದ್ದದ್ದು 2040ರ ಹತ್ತಿರ. 1300ರ ವಾರಗಳಲ್ಲಿ ಕಡಿಮೆ ಮಾಡಿದ್ದನ್ನು ಶನಿವಾರ ರಾತ್ರಿಯ ಅವಲಕ್ಕಿ ಬಹುಪಾಲು ತುಂಬಿಸಿಬಿಡುತ್ತಿತ್ತು. ಏಳು ತಿಂಗಳ ಹಿಂದೆಯೂ ಇದೇ ತಪ್ಪು ಮಾಡುತ್ತಿದ್ದೆ. ಆದರೆ ಆಗ 92 ಕೆಜಿ ಮೈಗೆ ದಿನಕ್ಕೆ 2500 ಬೇಕಿತ್ತು, ಹಾಗಾಗಿ ತಪ್ಪು ಲೆಕ್ಕದಲ್ಲೂ ಇಳಿಯಿತು. ಮೈ ಹಗುರವಾದ ಮೇಲೆ ಅದರ ಖರ್ಚೂ ಇಳಿಯಿತು.

ಇನ್ನೊಂದು ಕಾರಣ ಮಳೆ. ಬೇಸಿಗೆಯಲ್ಲಿ ಬೆಳಿಗ್ಗೆ ತುಂಗೆಯ ಕಮಾನು ಸೇತುವೆವರೆಗೆ ಹೋಗಿ ಬರುತ್ತಿದ್ದೆ, ಸಂಜೆ ತೋಟ ಸುತ್ತುತ್ತಿದ್ದೆ. ಫೋನಿನಲ್ಲಿ ದಿನಕ್ಕೆ ಒಂಬತ್ತು ಸಾವಿರ ಹೆಜ್ಜೆ. ಆಷಾಢದ ಮಳೆ ಹಿಡಿದ ಮೇಲೆ ಮೂರೂವರೆ ಸಾವಿರ. 1300 ತಿಂದ ವಾರಗಳಲ್ಲಿ ಇನ್ನೂ ಕಡಿಮೆ, ಏಳುವುದಕ್ಕೇ ಮನಸ್ಸು ಬರುತ್ತಿರಲಿಲ್ಲ. ಇದು ಸೋಮಾರಿತನ ಅಲ್ಲ. ಊಟ ಕಡಿಮೆಯಾದಾಗ ಮೈ ತಾನಾಗಿ ಓಡಾಟ ಕಡಿಮೆ ಮಾಡುತ್ತದೆ. ಇನ್ನೂ ಕಡಿಮೆ ತಿಂದರೆ ಇನ್ನೂ ಕಡಿಮೆ ಓಡಾಡುತ್ತೀರಿ.

ಇಲ್ಲಿ ನನಗೆ ಹೊಳೆದದ್ದು ಒಂದೇ. ಆರು ವಾರ ತೂಕ ಒಂದೇ ಕಡೆ ನಿಂತಿದೆ, ನಿಜವಾಗಿ ತಿಂದದ್ದು ಸುಮಾರು 2040. ಹಾಗಾದರೆ ಈಗಿನ ಮೈ, ಈಗಿನ ಓಡಾಟಕ್ಕೆ ನನ್ನ ಖರ್ಚು ಅಷ್ಟೇ. ತೂಕ, ಎತ್ತರ, ವಯಸ್ಸಿನಿಂದ ಖರ್ಚು ಲೆಕ್ಕ ಹಾಕುವ ಯಾವ ಸೂತ್ರವೂ ಇದಕ್ಕಿಂತ ಚೆನ್ನಾಗಿ ಹೇಳಲಾರದು. ಆಮೇಲೆ ಕುತೂಹಲಕ್ಕೆ ಸೂತ್ರದಲ್ಲೂ ಹಾಕಿ ನೋಡಿದೆ, 2060 ಅಂತ ಬಂತು. ನನ್ನ ಲೆಕ್ಕಕ್ಕೆ ಅಷ್ಟು ಹತ್ತಿರ ಬಂದದ್ದು ನೋಡಿ ಖುಷಿಯಾಯಿತು.

ಆದರೆ ತಕ್ಷಣ ಕಡಿತ ಶುರು ಮಾಡಲಿಲ್ಲ. ಎರಡು ವಾರ ಡಯಟ್ ಬ್ರೇಕ್ ತೆಗೆದುಕೊಂಡೆ, ಅಂದರೆ ಕಡಿತ ನಿಲ್ಲಿಸಿ ಮೈಯ ಖರ್ಚಿಗೆ ಸಮನಾಗಿ ತಿನ್ನುವುದು. ಗೌರಿ ಹಬ್ಬದ ಎರಡು ದಿನ ಮೊದಲು ಶುರು. ಗುರಿ ದಿನಕ್ಕೆ 2150, ಯಾಕೆಂದರೆ ಹೆಜ್ಜೆ ಮತ್ತೆ ಏಳು ಸಾವಿರಕ್ಕೆ ತರುವುದಿತ್ತು. ಮಳೆ ಇದ್ದದ್ದರಿಂದ ಜಗಲಿಯಲ್ಲೇ ನಡೆದೆ. ಆ ತುದಿಯಿಂದ ಈ ತುದಿಗೆ ಹೋಗಿ ಬಂದರೆ ನನ್ನ ಕಾಲಿಗೆ 34 ಹೆಜ್ಜೆ. ನೂರು ಸುತ್ತು ಹಾಕಿದರೆ ಮೂರು ಸಾವಿರದ ಮೇಲೆ. ಭಾವ ಬಂದಿದ್ದಾಗ ನೋಡಿ, "ಇಳಿಸಬೇಕು ಅನ್ನುವವನು ಕಾಯಿ ಕಡುಬು ತಿಂತಾ ಕೂತಿದ್ದೀಯಲ್ಲ, ಎಲ್ಲ ವಾಪಸ್ ಬರುತ್ತೆ ನೋಡು" ಅಂದರು. ಕೋಚ್ ಕೂಡ ಅದನ್ನೇ ಹೇಳಿದರು.

ಮೊದಲ ವಾರ ಅವರ ಮಾತೇ ನಿಜ ಅನ್ನಿಸಿತು. ಐದನೇ ದಿನಕ್ಕೆ 80.6. ಒಂದೂವರೆ ಕೆಜಿ ಜಾಸ್ತಿ! ಆ ರಾತ್ರಿ ನಿಲ್ಲಿಸಿಬಿಡೋಣ ಅಂತಲೇ ಇದ್ದೆ. ಹೆಂಡತಿ ತಡೆದಳು. "ರೀ, ಒಂದೂವರೆ ಕೆಜಿ ಕೊಬ್ಬು ಬರಬೇಕಾದರೆ ಹನ್ನೊಂದು ಸಾವಿರ ಕ್ಯಾಲೊರಿ ಜಾಸ್ತಿ ತಿಂದಿರಬೇಕು ಅಂತ ನೀವೇ ಹೇಳಿದ್ದು. ಐದು ದಿನದಲ್ಲಿ ತಿಂದಿದ್ದೀರಾ?" ತಿಂದಿರಲಿಲ್ಲ. ಅದು ನೀರು, ಉಪ್ಪು, ಹೊಟ್ಟೆಯಲ್ಲಿರುವ ಅನ್ನ. ಅನ್ನ ಹೆಚ್ಚಿಸಿದರೆ ಸ್ನಾಯುಗಳಲ್ಲಿ ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನು ತುಂಬುತ್ತದೆ, ಅದು ತನ್ನ ಜೊತೆ ನೀರನ್ನೂ ಹಿಡಿದಿಡುತ್ತದೆ.

ಇದನ್ನು ಒಮ್ಮೆ ಪರೀಕ್ಷೆಯನ್ನೇ ಮಾಡಿದ್ದೆ. ಕ್ಯಾಲೊರಿ ಒಂದಿಷ್ಟೂ ಬದಲಿಸದೆ ಒಂದು ದಿನ ಊಟಕ್ಕೆ ಅಪ್ಪೆ ಮಿಡಿ ಉಪ್ಪಿನಕಾಯಿ ಎರಡು ಪಾಲು, ರಾತ್ರಿ ಇನ್ನೆರಡು. ಮರುದಿನ 800 ಗ್ರಾಂ ಏರಿತ್ತು, ಎರಡು ದಿನ ಬಿಟ್ಟು ತಾನಾಗಿ ಇಳಿಯಿತು. ಕುಚ್ಚಲಕ್ಕಿ, ಬೆಳ್ತಿಗೆ ಅಕ್ಕಿ ಬದಲಿಸಿಯೂ ನೋಡಿದೆ. ಒಣ ಅಕ್ಕಿ ತೂಗಿ ಹಾಕಿದರೆ ಇಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕುಚ್ಚಲಕ್ಕಿ ತಿಂದ ದಿನ ಹಸಿವು ತಡವಾಗಿ ಬರುತ್ತದೆ, ಅಷ್ಟೇ.

ಬ್ರೇಕಿನಲ್ಲಿ ನಾನು ನಂಬಿದ್ದು ದರ್ಜಿ ಟೇಪನ್ನು. ಹೊಕ್ಕುಳ ಮಟ್ಟದಲ್ಲಿ, ಉಸಿರು ಬಿಟ್ಟು, ಬೆಳಿಗ್ಗೆ. ಶುರುವಿನಲ್ಲಿ 96 ಸೆಂಟಿಮೀಟರ್, ಹದಿನಾಲ್ಕನೇ ದಿನವೂ 96. ತೂಕವೂ ಎರಡನೇ ವಾರ ಏರಲಿಲ್ಲ, 80.3ರಲ್ಲಿ ನಿಂತಿತು. ಮೊದಲ ವಾರ ಏರಿ ನಿಂತರೆ ಸರಿ. ಎರಡನೇ ವಾರವೂ ಏರುತ್ತಲೇ ಇದ್ದು ಟೇಪೂ ಹೆಚ್ಚಾದರೆ ನಿಮ್ಮ ಅಂಕಿ ತಪ್ಪು, 150 ಕಡಿಮೆ ಮಾಡಿ.

ಬ್ರೇಕ್ ಅಂದರೆ ಸಿಕ್ಕಿದ್ದೆಲ್ಲ ತಿನ್ನುವುದಲ್ಲ. ಎಲ್ಲವನ್ನೂ ತೂಗಿಯೇ ತಿಂದೆ, ಹಬ್ಬದ ಕಾಯಿ ಕಡುಬನ್ನೂ. ಒಂದು ವಿಷಯ ಗಮನಿಸಿ. ತೂಕ ನಿಂತಿದ್ದ ಆರು ವಾರಕ್ಕೂ ಬ್ರೇಕಿಗೂ ಸರಾಸರಿ ಕ್ಯಾಲೊರಿಯಲ್ಲಿ ಅಂಥ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇದ್ದದ್ದು ಹಂಚಿಕೆಯಲ್ಲಿ. ಮೊದಲು ವಾರದ ದಿನ ಹಸಿವು, ಶನಿವಾರ-ಭಾನುವಾರ ಮಿತಿಯಿಲ್ಲ. ಈಗ ಏಳು ದಿನವೂ ಒಂದೇ. ನಾಲ್ಕನೇ ದಿನದಿಂದ ನಿದ್ದೆ ಸರಿಯಾಯಿತು. ಕಾಲುಚೀಲದ ಗುರುತು ಹೋಯಿತು. ಶನಿವಾರ ರಾತ್ರಿ ಅಡುಗೆಮನೆ ನೆನಪಾಗಲೇ ಇಲ್ಲ. ಬ್ರೇಕಿನಲ್ಲಿ ಕೊಬ್ಬು ಕರಗುವುದಿಲ್ಲ, ಮುಂದೆ ಕಡಿತ ತಡೆದುಕೊಳ್ಳುವ ಶಕ್ತಿ ಬರುತ್ತದೆ.

ಹದಿನೈದನೇ ದಿನ 1750ಕ್ಕೆ ಇಳಿಸಿದೆ, ಬಾಟಲಿ ಲೆಕ್ಕದ ನಿಜವಾದ 1750. ಎಣ್ಣೆಯನ್ನು ಮನೆಗೆಲ್ಲ ವಾರಕ್ಕೆ 420 ಗ್ರಾಮಿಗೆ ತಂದೆವು, ಕಾಯಿ ಎರಡು ದಿನಕ್ಕೆ ಒಂದು. ಕಾಯಿ ಕಡಿಮೆ ಹಾಕಿಯೂ ತಂಬುಳಿ ಗಟ್ಟಿ ಬರುವಂತೆ ಅಮ್ಮ ಒಂದು ಉಪಾಯ ಮಾಡುತ್ತಾರೆ, ಅದನ್ನು ಬರೆಯಲು ಅವರ ಒಪ್ಪಿಗೆ ಇಲ್ಲ. ಮೊದಲ ವಾರದಲ್ಲೇ 79.0, ಬಂದ ನೀರು ಹೋಯಿತು. ಮೂರನೇ ವಾರ 78.2. ಆಮೇಲೆ ವಾರಕ್ಕೆ 350, 400 ಗ್ರಾಂ. ನಿಧಾನ ಅನ್ನಿಸಬಹುದು, ಆದರೆ ದಿನಕ್ಕೆ 400 ಕ್ಯಾಲೊರಿ ಕಡಿತಕ್ಕೆ ಬರಬೇಕಾದದ್ದೇ ಅಷ್ಟು. ಆರು ವಾರ ಮುಗಿದ ಮೇಲೆ ದೀಪಾವಳಿಗೆ ಮತ್ತೆ ಒಂದು ವಾರ ಬ್ರೇಕ್. ಆಗ 900 ಗ್ರಾಂ ಏರಿತು, ಈ ಸಲ ಯಾರೂ ಹೆದರಲಿಲ್ಲ.

ಹತ್ತು ದಿನ ತೂಕ ನಿಂತಿತು ಅಂತ ಇದನ್ನು ಮಾಡಬೇಡಿ. ವಾರದ ಸರಾಸರಿ ಮೂರ್ನಾಲ್ಕು ವಾರ ಕದಲದೆ, ಟೇಪೂ ಕದಲದೆ ಇದ್ದರೆ ಮಾತ್ರ. ಹೆಂಗಸರು ವಾರಕ್ಕೆ ವಾರ ಹೋಲಿಸದೆ, ಹಿಂದಿನ ಮುಟ್ಟಿನ ಚಕ್ರದ ಅದೇ ದಿನಗಳ ಜೊತೆ ಹೋಲಿಸಬೇಕು. ಮುಟ್ಟಿನ ಮುಂಚೆ ನೀರು ನಿಲ್ಲುವುದರಿಂದ ನನ್ನ ಹೆಂಡತಿಗೆ ಒಂದು ಕೆಜಿ ಸುಮ್ನೆ ಏರಿಳಿಯುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಹೆಚ್ಚು ಕಡಿಮೆ ಮಾಡುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಎಳ್ಳಮಾವಾಸ್ಯೆ ಜಾತ್ರೆಯ ದಿನ ಬೆಳಿಗ್ಗೆ 74.3 ಇತ್ತು, ಟೇಪು 90. ಜಾತ್ರೆಯಲ್ಲಿ ಭಾವ ಸಿಕ್ಕಿದರು. ಮೊದಲು ಕೇಳಿದ್ದು, "ಆ ಎಣ್ಣೆ ಬಾಟಲಿ ತೂಗುವುದು ಹೇಗೆ ಅಂತ ಸರಿಯಾಗಿ ಹೇಳು". ಮರುದಿನ ಅವರ ಮನೆಗೆ ತಕ್ಕಡಿ ನಾನೇ ತೆಗೆದುಕೊಂಡು ಹೋದೆ.