ಹೆಬ್ಬೆರಳ ಗಂಟಿಗೆ ಜಾಗ ಇರುವ ಶೂ

ಡಾಕ್ಟರು "ಇದು ಬನಿಯನ್" ಎಂದಾಗ ನನಗೆ ಮೊದಲು ನೆನಪಾದದ್ದು ನಮ್ಮ ಮನೆಯವರ ಒಳಂಗಿ. ಹೆಬ್ಬೆರಳಿನ ಬುಡದಲ್ಲಿ ಪಾದದ ಒಳಬದಿಗೆ ಗಂಟು ಬಂದು, ಬೆರಳು ಪಕ್ಕದ ಬೆರಳಿನ ಕಡೆ ವಾಲುವುದಕ್ಕೂ ಅದೇ ಹೆಸರಂತೆ. ಅಮ್ಮನಿಗೂ ಹೀಗೇ ಇತ್ತು. ಅವಳು ಅಂಗಳ, ಕೊಟ್ಟಿಗೆ ಅಂತ ಬರಿಗಾಲಲ್ಲೇ ಓಡಾಡಿದವಳು, ಅಷ್ಟು ತೊಂದರೆ ಆಗಲಿಲ್ಲ. ನಾನು ಕಾರವಾರದ ಶಾಲೆಯೊಂದರಲ್ಲಿ ದಿನವಿಡೀ ನಿಂತು ಪಾಠ ಮಾಡುವವಳು. ಬೆಳಿಗ್ಗೆ ಟ್ಯಾಗೋರ್ ಬೀಚ್ ಪಕ್ಕ ವಾಕಿಂಗ್ ಬೇರೆ.

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. 5ನೇ ನಂಬರ್ ಬಿಗಿಯಾಯಿತು, 6 ತಂದೆ. ಅದೂ ಒತ್ತಿತು, 7 ತಂದೆ. ಮುಂದೆ ಹೆಬ್ಬೆರಳಿನಷ್ಟು ಜಾಗ ಖಾಲಿ, ಆದರೂ ಗಂಟು ಉರಿಯುತ್ತಿತ್ತು. ಕಾರಣ ಆಮೇಲೆ ತಿಳಿಯಿತು. ಶೂ ಅತಿ ಅಗಲ ಇರುವುದು ಬೆರಳುಗಳ ಬುಡ ಬರುವ ಜಾಗದಲ್ಲಿ, ಮಡಚುವುದೂ ಅಲ್ಲೇ. ಉದ್ದದ ಶೂ ತಂದರೆ ಆ ಅಗಲದ ಜಾಗ ಮುಂದಕ್ಕೆ ಹೋಗುತ್ತದೆ, ನಮ್ಮ ಗಂಟು ಅದರ ಹಿಂದೆ ಉಳಿಯುತ್ತದೆ. ಜೊತೆಗೆ ಕಾಲು ಸಡಿಲವಾಗಿ ಮುಂದೆ ಜಾರಿ, ಬೆರಳುಗಳು ಚೂಪಾದ ತುದಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ.

ಒಂದು ಸಂಜೆ ಮಗಳನ್ನು ಕೂರಿಸಿಕೊಂಡೆ. ಸಂಜೆ ಯಾಕೆಂದರೆ ದಿನವಿಡೀ ನಿಂತ ಕಾಲು ಸ್ವಲ್ಪ ಊದಿರುತ್ತದೆ, ಶೂ ಒತ್ತುವುದೂ ಆಗಲೇ. ರಟ್ಟಿನ ಮೇಲೆ ಪೂರ್ತಿ ಭಾರ ಹಾಕಿ ನಿಂತೆ, ಅವಳು ಪೆನ್ಸಿಲ್ ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆದಳು. ಕೂತು ಬರೆಸಿದರೆ ಅಳತೆ ಕಮ್ಮಿ ಬರುತ್ತದೆ, ನಾನು ಎರಡೂ ಮಾಡಿ ನೋಡಿದೆ. ಎಡಗಾಲು ಉದ್ದ 23.8 ಸೆಂ.ಮೀ., ಗಂಟಿನ ಹತ್ತಿರ ಅಗಲ 10.3. ಬಲಗಾಲು ಸ್ವಲ್ಪ ಚಿಕ್ಕದು. ದೊಡ್ಡ ಕಾಲಿನ ಚಿತ್ರವನ್ನು ಕತ್ತರಿಸಿ ಇಟ್ಟುಕೊಂಡೆ. ಆಮೇಲೆ ಆ 7ನೇ ನಂಬರ್ ಶೂ ಒಳಗಿನ ಮೆತ್ತೆ ತೆಗೆದು ಅದರ ಮೇಲೆ ಈ ರಟ್ಟು ಇಟ್ಟೆ. ಮುಂದೆ ಎರಡು ಬೆರಳು ಜಾಗ, ಪಕ್ಕದಲ್ಲಿ ಗಂಟು ಪೂರ್ತಿ ಅಂಚಿನಿಂದ ಆಚೆ! ನೋವಿನ ಕಾರಣ ಕಣ್ಣಿಗೇ ಕಂಡಿತು.

ಅಂಗಡಿಗೆ ಆ ರಟ್ಟು ಹಿಡಿದೇ ಹೋದೆ. ಮೆತ್ತೆ ಹೊರಗೆ ತೆಗೆಯಲು ಬರುವ ಶೂಗಳನ್ನೇ ಕೇಳಿದೆ. ಅಂಗಡಿ ಹುಡುಗ "ಅಕ್ಕಾ, ಹಾಕಿ ನೋಡಿದ್ರೆ ಗೊತ್ತಾಗತ್ತಲ್ವಾ" ಅಂದ. ಎರಡು ನಿಮಿಷ ಹಾಕಿದರೆ ಗೊತ್ತಾಗುವುದಿಲ್ಲ ಅನ್ನುವುದೇ ನನ್ನ ಮೂರು ಜೊತೆಯ ಪಾಠ. ಹೆಂಗಸರ ಶೂಗಳಲ್ಲಿ ಒಂದೂ ರಟ್ಟಿಗೆ ಹೊಂದಲಿಲ್ಲ, ಎಲ್ಲದರ ಮೂತಿಯೂ ಚೂಪು. ಕೊನೆಗೆ ಗಂಡಸರ ಸಾಲಿಗೆ ಹೋದೆ. ಅಳತೆಯ ಇಂಗ್ಲಿಷ್ ಅಕ್ಷರಗಳಲ್ಲಿ ಹೆಂಗಸರ ಸಾಮಾನ್ಯ ಅಗಲ ಬಿ, ಗಂಡಸರದ್ದು ಡಿ. ಅಂದರೆ ಅವರ ಸಾಮಾನ್ಯ ಅಗಲ ನಮಗೆ ಅಗಲದ್ದೇ. 6ನೇ ನಂಬರಿನ ಒಂದು ಶೂ ಹೊಂದಿತು. ಮೂತಿ ದುಂಡಗೆ, ಉದ್ದ ಬೆರಳಿನ ಮುಂದೆ ಒಂದು ಸೆಂ.ಮೀ. ಜಾಗ.

ಮೇಲ್ಭಾಗ ಬಟ್ಟೆಯಂಥ ಜಾಳಿಗೆಯದು. ಇಲ್ಲಿ ಇನ್ನೊಂದು ಮೋಸ ಇದೆ. ಜಾಳಿಗೆ ಮೆತ್ತಗೆ ಅಂತ ಕೊಂಡರೆ, ಸರಿಯಾಗಿ ಗಂಟಿನ ಮೇಲೇ ಚಂದಕ್ಕೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿರುತ್ತಾರೆ. ಹಾಗಾಗಿ ಶೂ ಒಳಗೆ ಕೈ ಹಾಕಿ ಆ ಜಾಗ ಸವರಿ, ಹೊರಗಿನಿಂದ ಬೆರಳಲ್ಲಿ ಒತ್ತಿ ನೋಡಿದೆ. ಹೊಲಿಗೆ ಇಲ್ಲ, ಪಟ್ಟಿ ಇಲ್ಲ, ಒತ್ತಿದರೆ ತಗ್ಗುತ್ತದೆ. ಮೆತ್ತನೆ ಚರ್ಮವಾದರೂ ಆಗುತ್ತದೆ, ಹಾಕುತ್ತಾ ಸ್ವಲ್ಪ ಹಿಗ್ಗುತ್ತದೆ. ರೆಕ್ಸಿನ್ ಮಾತ್ರ ಹಿಗ್ಗುವುದಿಲ್ಲ. "ಹಾಕ್ತಾ ಹಾಕ್ತಾ ಸರಿ ಹೋಗತ್ತೆ" ಎಂಬ ಮಾತು ಅದಕ್ಕೆ ಸುಳ್ಳು.

ಗಂಡಸರ ಶೂ ಹಿಮ್ಮಡಿಯೂ ಅಗಲ, ನಡೆದರೆ ಕಳಚುತ್ತಿತ್ತು. ಲೇಸನ್ನು ಕಣಕಾಲಿನ ಹತ್ತಿರದ ಕೊನೆಯ ತೂತಿಗೂ ಹಾಕಿ ಬಿಗಿದೆ. ಗಂಟಿನ ಪಕ್ಕದ ಮೊದಲ ತೂತು ಬಿಟ್ಟೆ. ಅಲ್ಲಿ ಸಡಿಲ, ಇಲ್ಲಿ ಬಿಗಿ. ಮನೆಯೊಳಗೇ ಮೂರು ದಿನ ಹಾಕಿ, ಕೆಂಪು ಗುರುತು ಬೀಳದ ಮೇಲೆ ಹೊರಗೆ ಹಾಕಿದೆ.

ಬೆರಳು ನೆಟ್ಟಗಾಗಿಲ್ಲ, ಶೂನಿಂದ ಅದು ಆಗುವುದೂ ಇಲ್ಲ. ಉರಿ ಮತ್ತು ಕೆಂಪು ಮಾತ್ರ ಹೋಯಿತು. ಮಳೆಗಾಲದಲ್ಲಿ ಜಾಳಿಗೆ ಶೂ ಒಣಗುವುದೇ ಇಲ್ಲ, ಆಗ ವೆಲ್ಕ್ರೋ ಪಟ್ಟಿಯ ಸ್ಯಾಂಡಲ್. ಪಟ್ಟಿ ಗಂಟಿನ ಮೇಲೆ ಹಾದು ಹೋಗಬಾರದು, ಅದೊಂದು ನೋಡಿಕೊಂಡೆ.

ವರ್ಷದ ಮೇಲೆ ಆ ಶೂ ಗಂಟಿನ ಪಕ್ಕ ತೂತು ಬಿತ್ತು. ಅದೇ ಹೆಸರಿನ, ಅದೇ ನಂಬರಿನ ಹೊಸದನ್ನು ತರಲು ಹೋದೆ. ಕಣ್ಣುಮುಚ್ಚಿ ದುಡ್ಡು ಕೊಡುವವಳಿದ್ದೆ, ಆದರೂ ಚೀಲದಲ್ಲಿದ್ದ ರಟ್ಟು ತೆಗೆದು ಇಟ್ಟೆ. ಮೂತಿ ಈಗ ಸ್ವಲ್ಪ ಚೂಪಾಗಿತ್ತು, ಗಂಟು ಮತ್ತೆ ಅಂಚಿನಾಚೆ. ಅದೇ ಹುಡುಗ ಈ ಸಲ ಏನೂ ಹೇಳದೆ ಇನ್ನೊಂದು ಪೆಟ್ಟಿಗೆ ತೆಗೆದ.