ಆಷಾಢದಲ್ಲಿ ಹಂಪಿ: ನನ್ನ ಅನುಭವ

ಆಷಾಢದಲ್ಲಿ ಹಂಪಿಗೆ ಹೊರಟಿದ್ದೇನೆಂದಾಗ ಮನೆಯವರೆಲ್ಲ ಮಳೆಯಲ್ಲಿ ಏನು ನೋಡುತ್ತೀಯೆಂದು ಬೇಡವೆಂದಿದ್ದರು. ಈ ಸಲ ಅವರಲ್ಲೇ ಆರು ಮಂದಿ ನನ್ನೊಂದಿಗೆ ಬಂದು, ಮುಂದಿನ ವರ್ಷವೂ ಕರೆದೊಯ್ಯಬೇಕೆಂದು ಹೇಳಿದ್ದಾರೆ.

ಈ ಲೆಕ್ಕ ಕೂಡಿಬರುವ ಮೊದಲು ಹಣ ಸಾಕಷ್ಟು ಹಾಳಾಯಿತು. ಡಿಸೆಂಬರ್ ಕೊನೆಯ ವಾರ ಹೋದಾಗ ಹೊಸಪೇಟೆಯಲ್ಲಿ ಸಾಧಾರಣ ಕೋಣೆಗೆ ದಿನಕ್ಕೆ 4,500 ರೂಪಾಯಿಯಷ್ಟು ತೆತ್ತೆವು. ಶಾಲಾ ಪ್ರವಾಸದ ಬಸ್ಸುಗಳ ನಡುವೆ ವಿಠ್ಠಲ ದೇವಸ್ಥಾನದ ಬ್ಯಾಟರಿ ವಾಹನಕ್ಕೆ ಒಂದು ಗಂಟೆಗೂ ಹೆಚ್ಚು ಸರದಿಯಲ್ಲಿ ನಿಂತು, ಕಲ್ಲಿನ ರಥವನ್ನು ಜನರ ತಲೆಗಳ ಮೇಲಿನಿಂದ ನೋಡಿದೆವು. ಮರುವರ್ಷ ಮೇ ತಿಂಗಳಲ್ಲಿ ಜನರೇನೋ ಇರಲಿಲ್ಲ, ಆದರೆ ಹತ್ತು ಗಂಟೆಗೇ ಹಾಸುಗಲ್ಲು ಕಾದು ಬರಿಗಾಲಿಡಲಾಗದೆ, ಅಮ್ಮನಿಗೆ ತಲೆ ಸುತ್ತು ಬಂದು ಎರಡು ದಿನವೂ ಕೋಣೆಯಲ್ಲೇ ಕಳೆಯಿತು.

ಮುಂಗಾರು ತನ್ನ ಮಳೆಯನ್ನೆಲ್ಲ ಮಲೆನಾಡಿನಲ್ಲಿ ಸುರಿದು ಬರುವುದರಿಂದ ಜುಲೈಯಲ್ಲಿ ಹಂಪಿಗೆ ಸಿಗುವುದು ಹೆಚ್ಚಾಗಿ ಮೋಡ, ಗಾಳಿ ಮತ್ತು ತುಂತುರು. ಈ ಸಲ ನಾಲ್ಕು ದಿನಗಳಲ್ಲಿ ಎರಡು ಸಣ್ಣ ಮಳೆ ಬಂದವು. ಅದೇ ಕೋಣೆ 1,600ಕ್ಕೆ ಸಿಕ್ಕಿತು. ಆದರೆ ತಿಂಗಳಿಗಿಂತ ದಿನ ಮುಖ್ಯ ಎಂಬುದನ್ನು ಒಮ್ಮೆ ಶ್ರಾವಣ ಸೋಮವಾರ ವಿರೂಪಾಕ್ಷನ ಸನ್ನಿಧಿಯಲ್ಲಿ ಭಕ್ತರ ನಡುವೆ ಸಿಕ್ಕಿಕೊಂಡು ಕಲಿತೆ. ಈಗ ಆಷಾಢದ ಮಂಗಳವಾರದಿಂದ ಗುರುವಾರದೊಳಗೆ ಮುಖ್ಯ ಸ್ಥಳಗಳನ್ನು ಮುಗಿಸುತ್ತೇನೆ. ಹೆಚ್ಚಿನವರು ವಿರೂಪಾಕ್ಷನಿಂದ ಆರಂಭಿಸುತ್ತಾರೆ. ನಾವು ಬಾಗಿಲು ತೆರೆಯುವ ಹೊತ್ತಿಗೇ ವಿಠ್ಠಲ ದೇವಸ್ಥಾನದಲ್ಲಿದ್ದೆವು. ರಥದ ಮುಂದಿನ ಕಲ್ಲಾನೆಗಳ ಬೆನ್ನ ಮೇಲೆ ರಾತ್ರಿಯ ತೇವ ಇನ್ನೂ ಆರಿರಲಿಲ್ಲ, ಅಂಗಳ ಗುಡಿಸುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಸಂಜೆ ಮಾತಂಗ ಬೆಟ್ಟದಲ್ಲಿ ನಾವು ಕೂರುವ ಬಂಡೆ ಯಾವುದೆಂದು ಮಾತ್ರ ಇಲ್ಲಿ ಬರೆಯುವುದಿಲ್ಲ.

ಈ ಕಾಲದ ತೊಡಕು ನದಿಯದು. ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಪುರಂದರ ಮಂಟಪ ಮುಳುಗುತ್ತದೆ, ತೆಪ್ಪಗಳು ನಿಲ್ಲುತ್ತವೆ. ಆಗ ಆನೆಗೊಂದಿಗೆ ಕಡೇಬಾಗಿಲು ಸೇತುವೆಯ ಮೇಲೆ ಸುತ್ತಿ ಹೋಗಬೇಕು. ಇದನ್ನು ತಿಳಿಯದೆ ಒಮ್ಮೆ ತಳವಾರಘಟ್ಟದಲ್ಲಿ ಅರ್ಧ ದಿನ ಕಳೆದುಕೊಂಡಿದ್ದೆ. ಈಗ ಹೊರಡುವ ವಾರವಿಡೀ ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡಿ, ಒಳಹರಿವು ಏರುತ್ತಿದ್ದರೆ ಆನೆಗೊಂದಿಯನ್ನು ಮೊದಲ ದಿನಕ್ಕೇ ಇಟ್ಟುಕೊಳ್ಳುತ್ತೇನೆ.

ಈ ಬಾರಿ ಉಳಿದ ಹಣದಲ್ಲಿ ಕಾರು ಮಾಡಿಕೊಂಡು ಕೊಪ್ಪಳ ಜಿಲ್ಲೆಯ ಇಟಗಿಗೂ ಹೋದೆವು. ಚಾಲುಕ್ಯರ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಈ ಗುಡಿಯನ್ನು ಅಲ್ಲಿನ ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಕಡೆದು ನುಣುಪಾಗಿಸಿದ ಅದರ ಕಂಬಗಳ ನಡುವೆ ಎರಡು ಗಂಟೆ ಕೂತಿದ್ದೆವು. ಅಷ್ಟು ಹೊತ್ತಿನಲ್ಲಿ ಹೊರಗಿನಿಂದ ಬಂದವರು ಒಂದೇ ಕುಟುಂಬ.