ಓಡುವ ಜರ್ಮನ್ ಮಾತನ್ನು ಕನ್ನಡ ಅಕ್ಷರದಲ್ಲಿ ಹಿಡಿದದ್ದು

ಜರ್ಮನ್ ಭಾಷೆಯ ಗೋಯ್ಥೆ ಬಿ1 ಪರೀಕ್ಷೆಯ ಕೇಳುವ ಭಾಗಕ್ಕೆ ನಾನು ಬೆಳಗಾವಿಯಲ್ಲೇ ಇದ್ದು ತಯಾರಿ ಮಾಡಿದೆ. ಹಗಲು ಉದ್ಯಮಬಾಗ್‌ನಲ್ಲಿ ಕೆಲಸ, ರಾತ್ರಿ ಊಟ ಆದಮೇಲೆ ಜರ್ಮನ್. ಪಠ್ಯಪುಸ್ತಕದ ಆಡಿಯೊ ಚೆನ್ನಾಗಿ ಅರ್ಥವಾಗುತ್ತಿತ್ತು. ಇಬ್ಬರು ಗೆಳೆಯರು ಮಾತಾಡುವ ರೆಕಾರ್ಡಿಂಗ್ ಹಾಕಿದರೆ ಮಾತ್ರ ಕಷ್ಟ. ಅದನ್ನೇ ಕಾಗದದ ಮೇಲೆ ಓದಿದರೆ ಒಂದೂ ಹೊಸ ಪದ ಇರುತ್ತಿರಲಿಲ್ಲ. ಎಲ್ಲಾ ಗೊತ್ತಿದ್ದ ಪದಗಳೇ, ಆದರೆ ಕಿವಿಗೆ ಬರುವಾಗ ಬೇರೆ ಆಕಾರದಲ್ಲಿ ಬರುತ್ತಿದ್ದವು.

ನಾವೂ ಹಾಗೇ ಮಾತಾಡುತ್ತೇವೆ ಅಲ್ವಾ. ‘ಮಾಡಲಿಕ್ಕೆ ಹತ್ತಿದ್ದೇನೆ’ ಅನ್ನೋದು ನಮ್ಮ ಬಾಯಲ್ಲಿ ‘ಮಾಡಾಕತ್ತೀನಿ’ ಆಗುತ್ತದೆ. ಪುಸ್ತಕದಿಂದ ಕನ್ನಡ ಕಲಿತವರಿಗೆ ಅದು ಹೊಸ ಪದ ಅನ್ನಿಸುತ್ತದೆ.

ಜರ್ಮನ್‌ನಲ್ಲಿ ಹೆಚ್ಚು ಸವೆಯುವುದು ಪದದ ಕೊನೆಯ ‘ಎನ್’. ಅದು ಹೇಗೆ ಸವೆಯುತ್ತದೆ ಅನ್ನೋದು ಹಿಂದಿನ ವ್ಯಂಜನದ ಮೇಲೆ ನಿಂತಿದೆ. ಹಿಂದೆ ‘ಬ’ ಇದ್ದರೆ ಮುಚ್ಚಿದ ತುಟಿ ಹಾಗೇ ಉಳಿದು ‘ಮ್’ ಬರುತ್ತದೆ: ಗೇಬೆನ್ ಹೋಗಿ ಗೇಬ್ಮ್. ಹಿಂದೆ ‘ಗ’ ಇದ್ದರೆ ‘ಙ್’ ಬರುತ್ತದೆ: ಝಾಗೆನ್ ಹೋಗಿ ಝಾಗ್ಙ್. ಮೊದಲೇ ‘ಮ’ ಇದ್ದರೆ ‘ಎನ್’ ಅದರಲ್ಲೇ ಕರಗುತ್ತದೆ. ಕೊಮ್ಮೆನ್ ಅನ್ನೋದು ‘ಕೊಮ್ಮ್’ ಅಷ್ಟೇ, ‘ಮ್’ ಸ್ವಲ್ಪ ಉದ್ದ. ಹಾಬೆನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಹಾಮ್’ ಆಗುತ್ತದೆ. ‘ಹಾಬೆನ್ ವೀರ್’ ಎರಡೂ ಸೇರಿ ‘ಹಾಮ್ವ’. ‘ಹಾಸ್ಟ್ ಡು’ ಅನ್ನೋದು ‘ಹಾಸ್ಟೆ’, ‘ನಿಶ್ಟ್’ ಅನ್ನೋದು ‘ನಿಶ್’, ‘ಇಸ್ಟ್’ ಅನ್ನೋದು ‘ಇಸ್’. ಇಷ್ಟು ಕಿವಿಗೆ ಕೂತರೆ ಮಾಮೂಲಿ ಸಂಭಾಷಣೆಯ ದೊಡ್ಡ ಪಾಲು ತೆರೆದುಕೊಳ್ಳುತ್ತದೆ.

ಕಿವಿಗೆ ಕೂರಿಸಲು ನಾನು ಹಿಡಿದ ದಾರಿ ಇದು. ಗೋಯ್ಥೆ ಸಂಸ್ಥೆಯ ವೆಬ್‌ಸೈಟಿನಲ್ಲಿ ಬಿ1 ಮಾದರಿ ಪ್ರಶ್ನೆಪತ್ರಿಕೆ ಆಡಿಯೊ ಸಮೇತ ಸುಮ್ನೆ ಸಿಗುತ್ತದೆ, ಕೊನೆಗೆ ಮಾತಿನ ಪೂರ್ತಿ ಬರಹವೂ ಇರುತ್ತದೆ. ಮೊದಲು ಪರೀಕ್ಷೆಯಲ್ಲಿ ಮಾಡುವ ಹಾಗೇ ಕೇಳಿ ಉತ್ತರ ಬರೆಯುತ್ತಿದ್ದೆ. ಆಮೇಲೆ ಅದರಲ್ಲಿ ಅರ್ಧ ನಿಮಿಷದ ತುಂಡನ್ನು ಮಾತ್ರ ಆರಿಸಿ, ನಿಲ್ಲಿಸಿ ನಿಲ್ಲಿಸಿ ಕೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಹೋದರೆ ಕೈ ತಾನಾಗಿ ಪುಸ್ತಕದ ಕಾಗುಣಿತ ಬರೆಯುತ್ತದೆ, ಕೇಳದ ‘ಎನ್’ ಕೂಡ ಅದರಲ್ಲಿ ಬಂದು ಕೂರುತ್ತದೆ. ಕನ್ನಡದಲ್ಲಿ ಕೇಳಿದ್ದನ್ನಷ್ಟೇ ಬರೆಯುತ್ತೇವೆ. ಅರ್ಥ ಆಗದಿದ್ದರೂ ಪರವಾಗಿಲ್ಲ, ಸದ್ದು ಹಾಗೇ ಬರೆಯಬೇಕು. ನಮ್ಮ ಲಿಪಿಯಲ್ಲಿ ಜರ್ಮನ್‌ನ ಕೆಲವು ಸ್ವರಗಳಿಗೆ ಸರಿಯಾದ ಅಕ್ಷರ ಇಲ್ಲ. ಅವುಗಳ ಕೆಳಗೆ ಗೆರೆ ಎಳೆದರೆ ಸಾಕು.

ಆಮೇಲೆ ಮೂಲ ಬರಹವನ್ನು ಪಕ್ಕದಲ್ಲಿ ಇಟ್ಟು ಹೋಲಿಸುವುದು. ಪದವೇ ಗೊತ್ತಿಲ್ಲದ್ದಕ್ಕೆ ಒಂದು ಬಣ್ಣ, ಪದ ಗೊತ್ತಿದ್ದೂ ಗುರುತು ಸಿಗದ್ದಕ್ಕೆ ಇನ್ನೊಂದು ಬಣ್ಣ. ಈ ಎರಡನೇದೇ ಕೇಳುವ ಅಭ್ಯಾಸದ ಕೆಲಸ. ಮೊದಲನೇದಕ್ಕೆ ಎಷ್ಟು ಸಲ ಕೇಳಿದರೂ ಪ್ರಯೋಜನ ಇಲ್ಲ, ಶಬ್ದಕೋಶ ನೋಡಬೇಕು.

ರಾಯಬಾಗದ ಕಡೆಯ ಒಬ್ಬ ಅಕ್ಕ ನನ್ನ ಜೊತೆ ಓದುತ್ತಿದ್ದರು. ನರ್ಸ್ ಕೆಲಸಕ್ಕೆ ಜರ್ಮನಿಗೆ ಹೋಗುವ ತಯಾರಿ ಅವರದು. ಒಂದು ದಿನ ರೆಕಾರ್ಡಿಂಗ್‌ನಲ್ಲಿ ಒಬ್ಬ ಹೆಂಗಸು ಹೇಳುವ ಒಂದೇ ವಾಕ್ಯದ ಮೇಲೆ ನಾವು ಬಹಳ ಹೊತ್ತು ಕೂತೆವು. ನಾನು ‘ಇಶ್ ಹಾಪ್ ನೊಖ್ನ್ ಟೆರ್ಮೀನ್’ ಅಂತ ಬರೆದಿದ್ದೆ. ಅಕ್ಕನ ಹಾಳೆಯಲ್ಲಿ ‘ಇಶ್ ಹಾಪ್ ನೊಖ್ಕಾಯ್ನ್ ಟೆರ್ಮೀನ್’ ಅಂತಿತ್ತು.

“ತಮ್ಮಾ, ಆಕಿಗೆ ಡಾಕ್ಟರ್ ಕಡೆ ಟೈಮ್ ಸಿಕ್ಕೈತೋ ಇಲ್ಲೋ, ಮೊದ್ಲ ಅದನ್ನ ಹೇಳು” ಅಂದರು.

ಪ್ರಶ್ನೆ ನಿಂತಿದ್ದು ಸರಿಯಾಗಿ ಅಲ್ಲೇ. ‘ನೊಖ್ ಆಯ್ನೆನ್ ಟೆರ್ಮೀನ್’ ಅಂದರೆ ಇನ್ನೊಂದು ಭೇಟಿ ಇದೆ. ‘ನೊಖ್ ಕಾಯ್ನೆನ್ ಟೆರ್ಮೀನ್’ ಅಂದರೆ ಇನ್ನೂ ಭೇಟಿ ಗೊತ್ತಾಗಿಲ್ಲ. ಅರ್ಥ ಪೂರ್ತಿ ತಿರುಗುತ್ತದೆ. ಓಡುವ ಮಾತಿನಲ್ಲಿ ಮೊದಲನೇದು ‘ನೊಖ್ನ್’ ಅಥವಾ ‘ನೊಖ್ನೆನ್’ ಆಗುತ್ತದೆ, ‘ಆಯ್’ ಸದ್ದೇ ಹೋಗುತ್ತದೆ. ಎರಡನೇದರಲ್ಲಿ ಕೊನೆಯ ‘ಎನ್’ ಹೋಗುತ್ತದೆ, ‘ಕಾಯ್’ ಮಾತ್ರ ಹೋಗುವುದಿಲ್ಲ. ಹಾಗಾಗಿ ಕೊನೆಯನ್ನು ಹಿಡಿಯಲು ಕಿವಿ ಕೊಡಬಾರದು. ‘ನೊಖ್’ ಆದಮೇಲೆ ‘ಆಯ್’ ಎಳೆತ ಬಂತೋ ಇಲ್ಲವೋ ಅನ್ನೋದನ್ನು ಕೇಳಬೇಕು. ಆ ತುಂಡನ್ನು ಮತ್ತೆ ಹಾಕಿದಾಗ ‘ಆಯ್’ ಇಬ್ಬರಿಗೂ ಸ್ಪಷ್ಟವಾಗಿ ಕೇಳಿತು. ಅಕ್ಕ ಬರೆದದ್ದೇ ಸರಿ.

ವೇಗ 0.75ಕ್ಕೆ ಇಳಿಸಿದರೆ ಆಗಲ್ವಾ ಅಂತ ಬಹಳ ಮಂದಿ ಕೇಳುತ್ತಾರೆ. ನನ್ನ ಪ್ರಕಾರ ಅದರಿಂದ ಉಪಯೋಗ ಕಡಿಮೆ. ವೇಗ ಇಳಿಸಿದರೆ ಇರುವ ಸದ್ದು ಹಿಗ್ಗುತ್ತದೆ, ಹೇಳದೇ ಬಿಟ್ಟ ಸದ್ದು ವಾಪಸ್ ಬರುವುದಿಲ್ಲ. ‘ಹಾಮ್ವ’ ನಿಧಾನ ಮಾಡಿದರೂ ‘ಹಾಮ್ವ’ನೇ. ಎರಡು ಪದಗಳ ನಡುವಿನ ಗಡಿ ಎಲ್ಲಿ ಅಂತ ಹುಡುಕಲು ಒಂದು ಸಲ ಇಳಿಸಬಹುದು, ಆಮೇಲೆ ಪೂರ್ತಿ ವೇಗಕ್ಕೇ ಬರಬೇಕು. ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಬಾಯಿ. ಕನ್ನಡದಲ್ಲಿ ಬರೆದುಕೊಂಡ ಸಾಲನ್ನು ನೋಡಿಕೊಂಡು, ರೆಕಾರ್ಡಿಂಗ್ ಜೊತೆಗೇ ಅದೇ ವೇಗದಲ್ಲಿ ಗಟ್ಟಿಯಾಗಿ ಹೇಳುತ್ತಿದ್ದೆ. ನಮ್ಮ ಬಾಯೇ ‘ಗೇಬ್ಮ್’ ಅನ್ನಲು ಕಲಿತರೆ ಕಿವಿಗೆ ಅದು ಹೊಸದು ಅನ್ನಿಸುವುದಿಲ್ಲ. ಮಾರನೇ ದಿನ ಹಾಳೆ ನೋಡದೆ ಅದೇ ತುಂಡು ಕೇಳುತ್ತಿದ್ದೆ. ಆಗಲೂ ಮಸುಕಾಗಿದ್ದ ಜಾಗ ಯಾವುದೋ ಅದನ್ನಷ್ಟೇ ಮತ್ತೆ ಮಾಡುವುದು.

ಕಿವಿಯಿಂದ ಆಗದ ಜಾಗವೂ ಇದೆ. ‘ಔಫ್ ಡೇಮ್’ ಸವೆದು ‘ಔಫ್ಮ್’ ಆಗುತ್ತದೆ, ‘ಔಫ್ ಡೇನ್’ ಸವೆದು ‘ಔಫ್ನ್’ ಆಗುತ್ತದೆ. ಒಂದು ಇರುವ ಜಾಗ ಹೇಳುತ್ತದೆ, ಇನ್ನೊಂದು ಹೋಗುವ ದಿಕ್ಕು. ಟಿಶ್ ಮುಂದೆ ಬಂದರೆ ‘ಮ್’, ‘ನ್’ ಬೇರೆ ಬೇರೆ ಕೇಳುತ್ತವೆ. ಬಾಲ್ಕೋನ್ ಬಂದರೆ ಮುಂದಿನ ‘ಬ’ ‘ನ್’ ಅನ್ನೂ ‘ಮ್’ ಕಡೆಗೆ ಎಳೆಯುತ್ತದೆ, ಎರಡೂ ‘ಔಫ್ಮ್ ಬಾಲ್ಕೋನ್’ ಅಂತಲೇ ಕೇಳಬಹುದು. ಅಲ್ಲಿ ರಿವೈಂಡ್ ಮಾಡುತ್ತಾ ಕೂರಬಾರದು. ಕ್ರಿಯಾಪದ ಗೇಎನ್ ಇದ್ದರೆ ಬಾಲ್ಕನಿಗೆ ಹೋಗುವುದು, ಝಿಟ್ಸೆನ್ ಇದ್ದರೆ ಬಾಲ್ಕನಿಯಲ್ಲಿ ಕೂತಿರುವುದು. ಜರ್ಮನ್ನರೂ ಹಾಗೇ ಅರ್ಥ ಮಾಡಿಕೊಳ್ಳುತ್ತಾರೆ.

ಇನ್ನು ಪರೀಕ್ಷೆಯ ವಿಷಯ. ಬಿ1 ಕೇಳುವ ಭಾಗ ಸುಮಾರು 40 ನಿಮಿಷ, ನಾಲ್ಕು ಪಾಲು, 30 ಪ್ರಶ್ನೆ. ಪಾಸಾಗಲು 100ಕ್ಕೆ 60 ಅಂಕ ಬೇಕು. ಮೊದಲ ಪಾಲು ಮತ್ತು ಕೊನೆಯ ಪಾಲನ್ನು ಎರಡು ಸಲ ಕೇಳಿಸುತ್ತಾರೆ, ನಡುವಿನ ಎರಡನ್ನು ಒಂದೇ ಸಲ. ಇಬ್ಬರು ಪರಿಚಯದವರ ಮಾತುಕತೆ ಇರುವ ಮೂರನೇ ಪಾಲಿಗೇ ನಾನು ಹೆಚ್ಚು ಅಭ್ಯಾಸ ಮಾಡಿದೆ, ಸವೆದ ಮಾತು ಅಲ್ಲೇ ಜಾಸ್ತಿ. ಅದರಲ್ಲಿ ಏಳು ವಾಕ್ಯ ಕೊಟ್ಟು ಸರಿಯೋ ತಪ್ಪೋ ಕೇಳುತ್ತಾರೆ. ಆಡಿಯೊಗೆ ಮುಂಚೆ ಓದಲು ಸಮಯ ಇರುತ್ತದೆ. ಆಗ ನಾನು ಪ್ರತಿ ವಾಕ್ಯದಲ್ಲೂ ಅರ್ಥ ತಿರುಗಿಸಬಲ್ಲ ಪದಕ್ಕೆ ಗುರುತು ಹಾಕುತ್ತಿದ್ದೆ: ಕಾಯ್ನ್, ನೊಖ್, ಶೋನ್, ಏರ್ಸ್ಟ್, ಈ ತರಹದ್ದು. ಜೊತೆಗೆ ಅದು ಮಾತಿನಲ್ಲಿ ಹೇಗೆ ಬರಬಹುದು ಅಂತ ಮನಸ್ಸಿನಲ್ಲೇ ಒಂದು ಸಲ ಹೇಳಿಕೊಳ್ಳುತ್ತಿದ್ದೆ. ಒಂದು ವಾಕ್ಯ ತಪ್ಪಿಹೋದರೆ ಅಂದಾಜಿನ ಮೇಲೆ ಗುರುತು ಹಾಕಿ ತಕ್ಷಣ ಮುಂದಿನದಕ್ಕೆ ಹೋಗಬೇಕು. ಮಾತುಕತೆ ಪ್ರಶ್ನೆಗಳ ಕ್ರಮದಲ್ಲೇ ಸಾಗುತ್ತದೆ.

ಬಿ1 ಪರೀಕ್ಷೆಯನ್ನು ಗೋಯ್ಥೆ ಸಂಸ್ಥೆ, ಆಸ್ಟ್ರಿಯಾದ ಓಎಸ್‌ಡಿ ಅನ್ನೋ ಪರೀಕ್ಷಾ ಸಂಸ್ಥೆ, ಸ್ವಿಟ್ಜರ್ಲೆಂಡಿನ ಫ್ರೈಬುರ್ಗ್ ವಿಶ್ವವಿದ್ಯಾಲಯ ಸೇರಿ ರೂಪಿಸಿವೆ. ಹಾಗಾಗಿ ರೆಕಾರ್ಡಿಂಗ್‌ನಲ್ಲಿ ಆಸ್ಟ್ರಿಯನ್, ಸ್ವಿಸ್ ಧಾಟಿಯ ಜರ್ಮನ್ ಕೂಡ ಬರಬಹುದು. ಓಎಸ್‌ಡಿಯ ಮಾದರಿ ಪತ್ರಿಕೆಯಿಂದಲೂ ಒಂದೆರಡು ತುಂಡು ಇದೇ ರೀತಿ ಕನ್ನಡದಲ್ಲಿ ಬರೆದು ನೋಡಿ.